ಬಾಡಿಗೆ ಕರಾರು ಮುಗಿಯುವ ಮುನ್ನ: ಮನೆ ಮಾಲೀಕರನ್ನು ಮಾತುಕತೆಗೆ ಕೇಳಿಕೊಳ್ಳುವುದು ಹೇಗೆ

ತುಮಕೂರಿನಲ್ಲಿ ಬಾಡಿಗೆ ಕರಾರು ಪತ್ರಗಳನ್ನು ಬರೆದುಕೊಡುವ ಕೆಲಸ ನನ್ನದು. ನನ್ನ ಬಳಿಗೆ ಬರುವ ಬಾಡಿಗೆದಾರರಲ್ಲಿ ಅರ್ಧಕ್ಕರ್ಧ ಜನ ಬಾಡಿಗೆ ಎಷ್ಟು ಹೆಚ್ಚಾಗಬೇಕು ಎಂಬುದು ತೀರ್ಮಾನವಾಗಿ ಹೋದ ಮೇಲೆ ಬರುತ್ತಾರೆ. ಆ ತೀರ್ಮಾನ ಎಲ್ಲಿ ಆಯಿತು ಎಂದು ಕೇಳಿದರೆ ಗೇಟಿನ ಹತ್ತಿರ, ಮೆಟ್ಟಿಲ ಮೇಲೆ, ನೀರಿನ ಮೋಟಾರು ಹಾಕಲು ಹೋದಾಗ ಎನ್ನುತ್ತಾರೆ. ಮಾಲೀಕರು ಒಂದು ಮೊತ್ತ ಹೇಳಿದರು, ಇವರು "ನೋಡೋಣ ಬಿಡಿ ಸಾರ್" ಎಂದರು, ಅವರು ಅದನ್ನು ಒಪ್ಪಿಗೆ ಎಂದುಕೊಂಡರು, ಅಷ್ಟೇ. ಬಾಡಿಗೆ ಏರಿಕೆಯ ಬಗ್ಗೆ ಚೌಕಾಸಿ ಮಾಡುವುದಕ್ಕಿಂತ ಮೊದಲು ಆ ಮಾತು ಕುಳಿತು ಆಡುವ ಮಾತಾಗುವಂತೆ ನೋಡಿಕೊಳ್ಳುವುದು ಮುಖ್ಯವೆಂದು ನನಗೆ ಅನ್ನಿಸಿರುವುದರಿಂದ, ಈ ಲೇಖನದಲ್ಲಿ ಆ ಒಂದು ಭೇಟಿಯನ್ನು ಹೇಗೆ ಕೇಳಬೇಕು, ಯಾವಾಗ ಕೇಳಬೇಕು, ಕೇಳುವ ಮುನ್ನ ಏನನ್ನು ತಿಳಿದಿರಬೇಕು ಎಂಬುದನ್ನು ಒಂದು ಮನೆಯ ಉದಾಹರಣೆಯನ್ನು ಇಟ್ಟುಕೊಂಡು ವಿವರಿಸುತ್ತೇನೆ.

ಮನೆ ಎಸ್.ಐ.ಟಿ. ಬಡಾವಣೆಯಲ್ಲಿದೆ ಎಂದುಕೊಳ್ಳಿ. ಮೊದಲನೇ ಮಹಡಿ, ಎರಡು ಕೋಣೆ, ಬೆಸ್ಕಾಂ ಮೀಟರು ಬೇರೆ, ನೀರಿನ ಸಂಪು ಕೆಳಮನೆಯವರೊಂದಿಗೆ ಜಂಟಿ. ಬಾಡಿಗೆಗೆ ಇರುವವರು ಒಬ್ಬ ಶಾಲಾ ಶಿಕ್ಷಕಿ ಮತ್ತು ಅವರ ಕುಟುಂಬ. ಕೆಳಗೆ ನಿವೃತ್ತರಾದ ಮಾಲೀಕರು ಮತ್ತು ಅವರ ಹೆಂಡತಿ ಇದ್ದಾರೆ, ಮಗ ಬೆಂಗಳೂರಿನಲ್ಲಿದ್ದಾನೆ. 2023ರ ಆಗಸ್ಟ್ 1ರಂದು 10,000 ರೂಪಾಯಿ ಬಾಡಿಗೆಗೆ ಬಂದವರು ಹನ್ನೊಂದು ತಿಂಗಳ ಕರಾರನ್ನು ಎರಡು ಸಲ ನವೀಕರಿಸಿಕೊಂಡಿದ್ದಾರೆ. ಬಾಡಿಗೆ ಮೊದಲು 10,500 ಆಯಿತು, ಬಳಿಕ 11,000 ಆಯಿತು. ಈಗಿನ ಕರಾರು 2025ರ ಜೂನ್ 1ರಿಂದ 2026ರ ಏಪ್ರಿಲ್ 30ರವರೆಗೆ ಇದೆ. ಅಡ್ವಾನ್ಸ್ 60,000 ರೂಪಾಯಿ. ಮಾರ್ಚ್ 8ರ ಭಾನುವಾರ ಬೆಳಿಗ್ಗೆ ಮೆಟ್ಟಿಲಿಳಿಯುತ್ತಿದ್ದಾಗ ಮಾಲೀಕರು ಹೇಳಿದರು: "ಮೇ ತಿಂಗಳಿಂದ ಹದಿಮೂರು ಸಾವಿರ ಮಾಡ್ಕೊಳಮ್ಮ, ಎಲ್ಲಾ ಕಡೆ ಜಾಸ್ತಿಯಾಗಿದೆ."

ಮೊದಲನೆಯದು: ಆ ಕ್ಷಣದಲ್ಲಿ ಮೊತ್ತದ ಮಾತಿಗೆ ಹೋಗದಿರುವುದು

ಈ ಮಾತಿಗೆ ಆಗಲೇ "ಅಷ್ಟೊಂದು ಆಗಲ್ಲ, ಹನ್ನೊಂದೂವರೆ ಕೊಡ್ತೀವಿ" ಎಂದು ಉತ್ತರಿಸಿದರೆ ನಿಮ್ಮ ಕನಿಷ್ಠ ಮೊತ್ತ ಅಲ್ಲೇ ನಿಗದಿಯಾಗಿಬಿಡುತ್ತದೆ, ಮುಂದಿನ ಮಾತೆಲ್ಲ ಹನ್ನೊಂದೂವರೆಯಿಂದ ಹದಿಮೂರರ ನಡುವೆಯೇ ನಡೆಯುತ್ತದೆ. ಸುಮ್ಮನಿದ್ದರೆ ಒಪ್ಪಿದಂತಾಗುತ್ತದೆ. ಆದ್ದರಿಂದ ಎರಡೂ ಅಲ್ಲದ ಒಂದು ಉತ್ತರ ಬಾಯಲ್ಲಿ ಸಿದ್ಧವಾಗಿರಬೇಕು. "ಸರಿ ಸಾರ್, ಕರಾರು ಏಪ್ರಿಲ್‌ಗೆ ಮುಗಿಯುತ್ತಲ್ಲ, ಅದರ ಬಗ್ಗೆ ಒಂದು ಸಲ ಕೂತು ಮಾತಾಡೋಣ, ಯಾವಾಗ ಅನುಕೂಲ ಅಂತ ನಿಮ್ಮನ್ನ ಕೇಳ್ತೀನಿ" ಎಂದರೆ ಸಾಕು. ಹಿರಿಯರಿಗೆ ಇದರಲ್ಲಿ ಅಗೌರವ ಕಾಣುವುದಿಲ್ಲ, ನೀವೂ ಯಾವುದಕ್ಕೂ ಒಪ್ಪಿಕೊಂಡಂತಾಗುವುದಿಲ್ಲ.

ಇನ್ನೂ ಒಂದು ಎಚ್ಚರಿಕೆ ಬೇಕು. ಮಾತುಕತೆ ಮುಗಿಯುವವರೆಗೆ ಹೊಸ ಮೊತ್ತವನ್ನು ಒಂದು ತಿಂಗಳಿಗೂ ಕಳುಹಿಸಬೇಡಿ. ಫೋನಿನಲ್ಲಿ 13,000 ರೂಪಾಯಿ ಒಮ್ಮೆ ಹೋಯಿತೆಂದರೆ ನೀವು ಹೊಸ ಬಾಡಿಗೆಗೆ ಒಪ್ಪಿದ್ದೀರಿ ಎನ್ನಲು ಅದಕ್ಕಿಂತ ಬಲವಾದ ದಾಖಲೆ ಬೇಕಾಗಿಲ್ಲ. ಕರಾರಿನ ಅವಧಿಯೊಳಗೆ, ಕರಾರಿನಲ್ಲೇ ಹಾಗೆ ಬರೆದಿಲ್ಲದಿದ್ದರೆ, ಮಾಲೀಕರು ಒಬ್ಬರೇ ನಿರ್ಧರಿಸಿ ಬಾಡಿಗೆ ಏರಿಸಲು ಬರುವುದಿಲ್ಲ. ಏಪ್ರಿಲ್ ಬಾಡಿಗೆಯವರೆಗೂ 11,000 ರೂಪಾಯಿಯನ್ನೇ ನಿಗದಿತ ದಿನಾಂಕಕ್ಕೆ ತಪ್ಪದೆ ಕೊಡಿ, ಯಾವ ತಿಂಗಳ ಬಾಡಿಗೆ ಎಂಬುದನ್ನು ಪಾವತಿಯ ಜೊತೆಯಲ್ಲೇ ಬರೆಯಿರಿ.

ಎರಡನೆಯದು: ಕರಾರು ಪತ್ರವನ್ನು ತೆಗೆದು ಓದುವುದು

ಅನೇಕರ ಬಳಿ ಕರಾರಿನ ಪ್ರತಿಯೇ ಇರುವುದಿಲ್ಲ, ಗ್ಯಾಸ್ ಸಂಪರ್ಕಕ್ಕೋ ಆಧಾರ್ ವಿಳಾಸ ಬದಲಾವಣೆಗೋ ಕೊಟ್ಟವರು ಮರಳಿ ಪಡೆದಿರುವುದಿಲ್ಲ. ಇಲ್ಲದಿದ್ದರೆ ಮಾಲೀಕರಲ್ಲಿ ಒಂದು ಜೆರಾಕ್ಸ್ ಕೇಳಿ ಪಡೆಯಿರಿ. ಓದುವಾಗ ನಾಲ್ಕು ಸಾಲುಗಳನ್ನು ಹುಡುಕಬೇಕು. ಅವಧಿ ಮುಗಿಯುವ ದಿನಾಂಕ ಯಾವುದು, ನವೀಕರಣದ ಸಮಯದಲ್ಲಿ ಬಾಡಿಗೆ ಎಷ್ಟು ಹೆಚ್ಚಾಗತಕ್ಕದ್ದು, ಮನೆ ಖಾಲಿ ಮಾಡಲು ಎಷ್ಟು ದಿನ ಮೊದಲು ತಿಳಿಸಬೇಕು, ಅಡ್ವಾನ್ಸ್‌ನಲ್ಲಿ ಸುಣ್ಣ-ಬಣ್ಣಕ್ಕೆಂದು ಎಷ್ಟು ಮುರಿದುಕೊಳ್ಳಬಹುದು ಎಂಬವೇ ಆ ನಾಲ್ಕು.

ನಮ್ಮ ಶಿಕ್ಷಕಿಯ ಕರಾರಿನಲ್ಲಿ ಹೀಗಿದೆ: "ಅವಧಿ ಮುಗಿದ ನಂತರ ಉಭಯ ಪಕ್ಷಗಾರರ ಒಪ್ಪಿಗೆಯ ಮೇರೆಗೆ ಕರಾರನ್ನು ನವೀಕರಿಸಿಕೊಳ್ಳಬಹುದಾಗಿದ್ದು, ಹಾಗೆ ನವೀಕರಿಸುವಾಗ ಚಾಲ್ತಿ ಬಾಡಿಗೆಯ ಮೇಲೆ ಶೇ. 5ರಷ್ಟು ಹೆಚ್ಚಿಸತಕ್ಕದ್ದು." ಈ ವಾಕ್ಯದ ಎರಡೂ ಭಾಗಗಳನ್ನು ಗಮನಿಸಿ ಓದಬೇಕು. ಶೇ. 5 ಎಂಬುದು ಬಾಡಿಗೆದಾರರ ಪರವಾಗಿದೆ, ಅದರ ಲೆಕ್ಕದಲ್ಲಿ ಹೊಸ ಬಾಡಿಗೆ 11,550 ರೂಪಾಯಿ ಆಗುತ್ತದೆ. ಮಾಲೀಕರು ಕೇಳಿದ 13,000 ರೂಪಾಯಿ ಎಂದರೆ ಶೇ. 18ಕ್ಕೂ ಸ್ವಲ್ಪ ಹೆಚ್ಚಿನ ಏರಿಕೆ. ಆದರೆ "ಉಭಯ ಪಕ್ಷಗಾರರ ಒಪ್ಪಿಗೆಯ ಮೇರೆಗೆ" ಎಂಬ ಮಾತು ಮಾಲೀಕರಿಗೆ ನವೀಕರಣವನ್ನೇ ನಿರಾಕರಿಸುವ ಅವಕಾಶ ಕೊಡುತ್ತದೆ. ಶೇ. 5ರ ಸಾಲನ್ನು ಅವರ ಮುಂದೆ ಹಿಡಿದು "ಇದೇ ಕಾನೂನು" ಎಂದು ವಾದಿಸಿದರೆ "ಹಾಗಾದರೆ ಮುಂದುವರಿಸೋದೇ ಬೇಡ" ಎಂದು ಅವರು ಹೇಳಬಹುದು, ಮತ್ತು ಹಾಗೆ ಹೇಳಲು ಅವರಿಗೆ ದಾರಿ ಇದೆ. ಆ ಸಾಲು ಮಾತುಕತೆ ಎಲ್ಲಿಂದ ಆರಂಭವಾಗಬೇಕು ಎಂಬುದನ್ನು ಹೇಳುತ್ತದೆ, ಅದಕ್ಕಿಂತ ಹೆಚ್ಚಿನ ಭಾರವನ್ನು ಅದರ ಮೇಲೆ ಹೊರಿಸಬಾರದು.

"ಬಾಡಿಗೆ ಕಾಯ್ದೆ ಇದೆಯಲ್ಲ, ಅದರಲ್ಲಿ ಮಿತಿ ಇಲ್ಲವೇ?" ಎಂದು ಹಲವರು ಕೇಳುತ್ತಾರೆ. ಕರ್ನಾಟಕ ಬಾಡಿಗೆ ಕಾಯ್ದೆ, 1999 ಇರುವುದು ನಿಜ. ಆದರೆ ಸ್ಥಳವನ್ನು ಅವಲಂಬಿಸಿ ತಿಂಗಳ ಬಾಡಿಗೆ 3,500 ಅಥವಾ 2,000 ರೂಪಾಯಿಯನ್ನು ಮೀರಿದ ಕಟ್ಟಡಗಳು ಅದರ ವ್ಯಾಪ್ತಿಯಿಂದ ಹೊರಗಿವೆ. ಇಂದು ತುಮಕೂರಿನಲ್ಲಿ ಒಂದು ಕುಟುಂಬ ವಾಸಿಸುವ ಮನೆ ಆ ಬಾಡಿಗೆಗೆ ಸಿಗುವುದು ಕಷ್ಟ. ಆದ್ದರಿಂದ ಇಂತಹ ಮನೆಗಳ ಸಂಬಂಧ ನಡೆಯುವುದು ಕರಾರು ಮತ್ತು 1882ರ ಸ್ವತ್ತು ವರ್ಗಾವಣೆ ಕಾಯ್ದೆಯ ಮೇಲೆಯೇ. ಕರಾರು ಮುಗಿದ ಮೇಲೂ ಮಾಲೀಕರು ಬಾಡಿಗೆ ಪಡೆಯುತ್ತ ಹೋದರೆ ಅದು ಸಾಮಾನ್ಯವಾಗಿ ತಿಂಗಳಿಂದ ತಿಂಗಳಿಗೆ ನಡೆಯುವ ಬಾಡಿಗೆಯಾಗುತ್ತದೆ, ಬೇರೆ ಒಪ್ಪಂದ ಇಲ್ಲದಿದ್ದರೆ ಅದನ್ನು 15 ದಿನಗಳ ನೋಟಿಸಿನಿಂದ ಕೊನೆಗೊಳಿಸಬಹುದು. ಒಪ್ಪದ ಬಾಡಿಗೆದಾರರನ್ನು ಒಕ್ಕಲೆಬ್ಬಿಸಬೇಕಾದರೆ ನ್ಯಾಯಾಲಯಕ್ಕೇ ಹೋಗಬೇಕು, ನೀರು ನಿಲ್ಲಿಸುವುದಕ್ಕೂ ಬೀಗ ಹಾಕುವುದಕ್ಕೂ ಅವಕಾಶವಿಲ್ಲ. ಆದರೂ ಕರಾರಿಲ್ಲದೆ 15 ದಿನದ ನೋಟಿಸಿನ ನೆರಳಲ್ಲಿ ಶಾಲೆಗೆ ಹೋಗುವ ಮಕ್ಕಳನ್ನು ಇಟ್ಟುಕೊಂಡು ಬದುಕುವುದು ಯಾರಿಗೂ ನೆಮ್ಮದಿಯ ಮಾತಲ್ಲ, ನವೀಕರಣಕ್ಕಾಗಿ ಇಷ್ಟು ಶ್ರಮ ವಹಿಸುವುದು ಈ ಕಾರಣಕ್ಕಾಗಿಯೇ.

ಮೂರನೆಯದು: ದಿನಾಂಕವನ್ನು ಹಿಂದಿನಿಂದ ಎಣಿಸುವುದು

ಭೇಟಿಯ ದಿನವನ್ನು ಕರಾರು ಮುಗಿಯುವ ದಿನದಿಂದ ಎಣಿಸುವುದು ಸಾಮಾನ್ಯ ತಪ್ಪು. ಎಣಿಸಬೇಕಾದ್ದು ಖಾಲಿ ಮಾಡುವುದನ್ನು ತಿಳಿಸುವ ಕೊನೆಯ ದಿನದಿಂದ. ಈ ಕರಾರಿನಲ್ಲಿ ಒಂದು ತಿಂಗಳ ಮುನ್ಸೂಚನೆ ಬೇಕು, ಅಂದರೆ ಏಪ್ರಿಲ್ 30ಕ್ಕೆ ಬಿಡುವುದಾದರೆ ಮಾರ್ಚ್ 31ರೊಳಗೆ ತಿಳಿಸಿರಬೇಕು. ಮಾತುಕತೆ ಏಪ್ರಿಲ್ ಎರಡನೇ ವಾರಕ್ಕೆ ಹೋದರೆ, ಅಲ್ಲಿ ಮಾತು ಮುರಿದರೂ ನೀವು ಮೇ ತಿಂಗಳ ಬಾಡಿಗೆ ಕೊಡದೆ ಹೊರಡಲಾರಿರಿ, ಆ ಬಾಡಿಗೆ ಎಷ್ಟು ಎಂಬುದೇ ಜಗಳವಾಗುತ್ತದೆ. ಮಾರ್ಚ್ 31ಕ್ಕಿಂತ ಕನಿಷ್ಠ ಒಂದು ವಾರ ಮೊದಲು ಭೇಟಿ ಆಗಬೇಕು, ಅದಕ್ಕೂ ಹತ್ತು ದಿನ ಮೊದಲು ಪತ್ರ ಅವರ ಕೈಸೇರಿರಬೇಕು.

2026ರ ಪಂಚಾಂಗವನ್ನೂ ನೋಡಿಕೊಳ್ಳಬೇಕು. ಯುಗಾದಿ ಮಾರ್ಚ್ 19ರ ಗುರುವಾರ, ಮರುದಿನ ಹೊಸತೊಡಕು. ಹಬ್ಬದ ಆ ಎರಡು ದಿನ ಯಾರೂ ಬಾಡಿಗೆ ಮಾತಾಡುವುದಿಲ್ಲ, ಆಡಲೂಬಾರದು. ಆದರೆ ಮಗ ಹಬ್ಬಕ್ಕೆ ಬೆಂಗಳೂರಿನಿಂದ ಬಂದಿರುತ್ತಾನೆ, ಭಾನುವಾರ 22ರವರೆಗೂ ಇರಬಹುದು. ತೀರ್ಮಾನ ತೆಗೆದುಕೊಳ್ಳುವವನು ಅವನೇ ಆಗಿದ್ದರೆ ತಂದೆಯೊಬ್ಬರ ಜೊತೆ ಒಂದು ಗಂಟೆ ಮಾತಾಡಿ "ಮಗನ್ನ ಕೇಳಿ ಹೇಳ್ತೀನಮ್ಮ" ಎಂಬ ಉತ್ತರ ಪಡೆದು ಹಿಂದಿರುಗುವುದರಲ್ಲಿ ಅರ್ಥವಿಲ್ಲ. ಹೀಗೆ ಎಣಿಸಿ ನಮ್ಮ ಶಿಕ್ಷಕಿ ಮಾರ್ಚ್ 12ಕ್ಕೆ ಪತ್ರ ಕೊಟ್ಟು, 22ರ ಭಾನುವಾರಕ್ಕೆ ಭೇಟಿ ಕೇಳುವುದೆಂದು ನಿರ್ಧರಿಸುತ್ತಾರೆ.

ನಾಲ್ಕನೆಯದು: ಪತ್ರ

ಪತ್ರ ಚಿಕ್ಕದಾಗಿರಲಿ, ಒಂದು ಪುಟ ದಾಟದಿರಲಿ. ಅದು ಭೇಟಿ ಕೇಳುವ ಪತ್ರವೇ ಹೊರತು ವಾದ ಮಂಡಿಸುವ ಪತ್ರವಲ್ಲ. ಹೀಗೆ ಬರೆಯಬಹುದು:

ತುಮಕೂರು
ದಿನಾಂಕ: 12-03-2026

ಮಾನ್ಯರೇ, ನಮಸ್ಕಾರಗಳು.

ವಿಷಯ: ಬಾಡಿಗೆ ಕರಾರಿನ ನವೀಕರಣದ ಬಗ್ಗೆ ಮಾತನಾಡಲು ಸಮಯ ಕೋರಿ.

ತಮ್ಮ ಮನೆಯ ಮೊದಲನೇ ಮಹಡಿಯಲ್ಲಿ ನಾವು 01-08-2023ರಿಂದ ಬಾಡಿಗೆಗೆ ವಾಸವಾಗಿದ್ದು, ಚಾಲ್ತಿಯಲ್ಲಿರುವ ಕರಾರಿನ ಅವಧಿಯು 30-04-2026ಕ್ಕೆ ಮುಕ್ತಾಯವಾಗುತ್ತದೆ. ಇದೇ ಮನೆಯಲ್ಲಿ ಮುಂದುವರಿಯಬೇಕೆಂಬುದು ನಮ್ಮ ಅಪೇಕ್ಷೆ. ದಿನಾಂಕ 08-03-2026ರಂದು ತಾವು ಮೇ ತಿಂಗಳಿನಿಂದ ಬಾಡಿಗೆಯನ್ನು 13,000 ರೂಪಾಯಿಗೆ ಹೆಚ್ಚಿಸುವ ವಿಚಾರ ತಿಳಿಸಿದ್ದೀರಿ. ಈ ವಿಚಾರವನ್ನೂ, ಹೊಸ ಕರಾರಿನ ಅವಧಿ, ಅಡ್ವಾನ್ಸ್ ಮತ್ತು ಸಂಪಿನ ಮೋಟಾರಿನ ದುರಸ್ತಿಯನ್ನೂ ಕುರಿತು ತಮ್ಮೊಂದಿಗೆ ಕುಳಿತು ಮಾತನಾಡಿ ತೀರ್ಮಾನಿಸಿಕೊಳ್ಳಲು ಬಯಸುತ್ತೇವೆ.

ತಮಗೆ ಅನುಕೂಲವಾದರೆ 22-03-2026ರ ಭಾನುವಾರ ಸಂಜೆ 5 ಗಂಟೆಗೆ ತಮ್ಮ ಮನೆಗೇ ಬರುತ್ತೇವೆ. ಅಂದು ಆಗದಿದ್ದಲ್ಲಿ 24ರ ಮಂಗಳವಾರ ಸಂಜೆಯೂ ಆಗಬಹುದು. ತಮ್ಮ ಮಗನವರೂ ಇರುವ ಸಮಯವಾದರೆ ಒಳ್ಳೆಯದು. ಮಾತುಕತೆ ಆಗುವವರೆಗೆ ಈಗಿನ ಕರಾರಿನಂತೆ ಬಾಡಿಗೆಯನ್ನು ಸಲ್ಲಿಸುತ್ತಿರುತ್ತೇವೆ.

ತಮ್ಮ ಉತ್ತರವನ್ನು ನಿರೀಕ್ಷಿಸುವ,
(ಸಹಿ)

ಇದರಲ್ಲಿ ಏನಿದೆ ಎಂಬುದಕ್ಕಿಂತ ಏನಿಲ್ಲ ಎಂಬುದನ್ನು ಮೊದಲು ನೋಡಿ. ಬಾಡಿಗೆದಾರರ ಕಡೆಯ ಮೊತ್ತ ಇಲ್ಲ, ಶೇ. 5ರ ಸಾಲಿನ ಉಲ್ಲೇಖ ಇಲ್ಲ, ಕಾಯ್ದೆಯ ಹೆಸರು ಇಲ್ಲ, ಸಂಬಳ ಹೆಚ್ಚಾಗಿಲ್ಲ ಎಂಬ ಅಳಲೂ ಇಲ್ಲ. ಇವೆಲ್ಲ ಎದುರೆದುರು ಕುಳಿತಾಗ ಹೇಳಬೇಕಾದ ಮಾತುಗಳು. ಮಾಲೀಕರು ಹೇಳಿದ ಮೊತ್ತ ಮತ್ತು ಹೇಳಿದ ದಿನ ಮಾತ್ರ ಇದೆ, ಅದನ್ನು "ತಿಳಿಸಿದ್ದೀರಿ" ಎಂದು ಬರೆದಿದೆಯೇ ಹೊರತು "ಒಪ್ಪಿದ್ದೇವೆ" ಎಂದಾಗಲಿ "ಒಪ್ಪುವುದಿಲ್ಲ" ಎಂದಾಗಲಿ ಬರೆದಿಲ್ಲ. "ಮುಂದುವರಿಯಬೇಕೆಂಬುದು ನಮ್ಮ ಅಪೇಕ್ಷೆ" ಎಂಬ ವಾಕ್ಯವನ್ನು ಬಿಡಬೇಡಿ, ಏಕೆಂದರೆ ಪತ್ರ ಕಂಡೊಡನೆ ಮಾಲೀಕರಿಗೆ ಮೊದಲು ಬರುವ ಅನುಮಾನ ಇವರು ಖಾಲಿ ಮಾಡುತ್ತಾರೋ ಏನೋ ಎಂಬುದು, ಎರಡನೆಯದು ಇವರು ಕೋರ್ಟಿಗೆ ಹೋಗುತ್ತಾರೋ ಏನೋ ಎಂಬುದು. ಕೊನೆಯ ವಾಕ್ಯ, ಈಗಿನ ಕರಾರಿನಂತೆ ಬಾಡಿಗೆ ಸಲ್ಲಿಸುತ್ತೇವೆ ಎಂಬುದು, ಎರಡು ಕೆಲಸ ಮಾಡುತ್ತದೆ. ಬಾಡಿಗೆ ನಿಲ್ಲುವುದಿಲ್ಲ ಎಂಬ ಭರವಸೆ ಅವರಿಗೆ, ಹಳೆಯ ಮೊತ್ತವೇ ಚಾಲ್ತಿಯಲ್ಲಿದೆ ಎಂಬ ದಾಖಲೆ ನಿಮಗೆ.

ಪದದ ವಿಚಾರದಲ್ಲಿ ಒಂದು ಮಾತು. ಪತ್ರದಲ್ಲಿ "ಲೀಸ್ ನವೀಕರಣ" ಎಂದು ಬರೆಯಬೇಡಿ. ನಮ್ಮ ಕಡೆ ಲೀಸ್ ಎಂದರೆ ಭೋಗ್ಯ, ಅಂದರೆ ದೊಡ್ಡ ಮೊತ್ತವೊಂದನ್ನು ಒಮ್ಮೆಗೇ ಕೊಟ್ಟು ತಿಂಗಳ ಬಾಡಿಗೆ ಇಲ್ಲದೆ ಇರುವ ವ್ಯವಸ್ಥೆ. ಕಚೇರಿಯ ಭಾಷೆಯ ಅಭ್ಯಾಸದಿಂದ ಹಾಗೆ ಬರೆದ ಒಬ್ಬರ ಪತ್ರವನ್ನು ಓದಿದ ಮಾಲೀಕರು, ಇವರು ಬಾಡಿಗೆ ಬಿಟ್ಟು ಭೋಗ್ಯಕ್ಕೆ ಕೇಳುತ್ತಿದ್ದಾರೆ ಎಂದುಕೊಂಡು ಆರು ಲಕ್ಷದ ಮಾತು ತೆಗೆದದ್ದನ್ನು ನಾನೇ ಕಂಡಿದ್ದೇನೆ.

ಪತ್ರವನ್ನು ಕೈಯಿಂದಲೇ ಕೊಡಿ. ಕೆಳಗೇ ಇರುವ ಹಿರಿಯರಿಗೆ ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿದರೆ ಅದು ವಕೀಲರ ನೋಟಿಸಿನಂತೆಯೇ ಕಾಣುತ್ತದೆ. ಕೊಡುವಾಗ ಓದಿ ಹೇಳಬೇಕೇ ಎಂದು ಕೇಳಿ. ಬಳಿಕ ಅದರ ಫೋಟೊವನ್ನು ಮಾಲೀಕರಿಗೂ ಮಗನಿಗೂ ವಾಟ್ಸಾಪಿನಲ್ಲಿ ಕಳುಹಿಸಿ, "ಇಂದು ಸಾರ್ ಅವರ ಕೈಗೆ ಕೊಟ್ಟ ಪತ್ರದ ಪ್ರತಿ" ಎಂದು ಒಂದು ಸಾಲು ಸೇರಿಸಿ. ದಿನಾಂಕಕ್ಕೆ ಅದೇ ಸಾಕ್ಷಿ. ನಾಲ್ಕು ದಿನ ಉತ್ತರ ಬರದಿದ್ದರೆ ಒಮ್ಮೆ ನೆನಪಿಸಿ. ಅದಕ್ಕೂ ಉತ್ತರ ಇಲ್ಲದಿದ್ದರೆ ನೀವು ಹೇಳಿದ ದಿನ, ಹೇಳಿದ ಹೊತ್ತಿಗೆ ಹೋಗಿ ಬಾಗಿಲು ತಟ್ಟಿ. ಬಹಳ ಮಂದಿ ಮಾಲೀಕರು ಪತ್ರಕ್ಕೆ ಉತ್ತರ ಬರೆಯುವುದಿಲ್ಲ, ಆದರೆ ಮನೆಗೆ ಬಂದವರನ್ನು ಕೂರಿಸಿ ಕಾಫಿ ಕೊಡದೆ ಕಳುಹಿಸುವುದೂ ಇಲ್ಲ.

ಐದನೆಯದು: ಭೇಟಿಗೆ ಮುನ್ನ ಲೆಕ್ಕ

ಪತ್ರ ಕೊಟ್ಟು ಭೇಟಿಯವರೆಗೆ ಸಿಗುವ ಹತ್ತು ದಿನದಲ್ಲಿ ಅದೇ ಬಡಾವಣೆಯ ಮೂರು ಟು-ಲೆಟ್ ಬೋರ್ಡುಗಳಿಗೆ ಕರೆ ಮಾಡಿ ಬಾಡಿಗೆ ವಿಚಾರಿಸಿ. ಮಹಡಿ, ಕೋಣೆ, ಗಾಡಿ ನಿಲ್ಲಿಸುವ ಜಾಗ ಮತ್ತು ನೀರು ನಿಮ್ಮ ಮನೆಗೆ ಹೊಂದುವಂತಿರಬೇಕು. ಹೇಮಾವತಿ ನೀರು ಮತ್ತು ಬೋರ್‌ವೆಲ್ ಎರಡೂ ಇರುವ ಮನೆಯ ಬಾಡಿಗೆಯನ್ನು, ಬೇಸಿಗೆಯಲ್ಲಿ ಟ್ಯಾಂಕರಿಗೆ ಕಾಯುವ ಮನೆಯ ಬಾಡಿಗೆಗೆ ಹೋಲಿಸಿದರೆ ಮಾಲೀಕರು ಅಲ್ಲೇ ಹಿಡಿಯುತ್ತಾರೆ. ನಮ್ಮ ಉದಾಹರಣೆಯಲ್ಲಿ ಮೂರು ಮನೆಗಳ ಬಾಡಿಗೆ 11,500, 12,000 ಮತ್ತು 12,500 ಎಂದು ತಿಳಿಯಿತೆಂದು ಇಟ್ಟುಕೊಳ್ಳೋಣ. ಅಂದರೆ ಮಾಲೀಕರ ಮೊತ್ತ ಹೆಚ್ಚು, ಆದರೆ ಬಾಡಿಗೆ ಏರಿದೆ ಎಂಬ ಅವರ ಮಾತು ಪೂರ್ತಿ ಸುಳ್ಳಲ್ಲ.

ಬಳಿಕ ನಿಮ್ಮ ಲೆಕ್ಕ. 11,550 ಮತ್ತು 13,000ರ ನಡುವಿನ ವ್ಯತ್ಯಾಸ ತಿಂಗಳಿಗೆ 1,450 ರೂಪಾಯಿ, ಹನ್ನೊಂದು ತಿಂಗಳಿಗೆ 15,950. ಮನೆ ಬದಲಿಸಿದರೆ ಸುಣ್ಣ-ಬಣ್ಣಕ್ಕೆಂದು ಒಂದು ತಿಂಗಳ ಬಾಡಿಗೆ 11,000 ಅಡ್ವಾನ್ಸ್‌ನಲ್ಲಿ ಮುರಿಯುತ್ತದೆ, ಸಾಮಾನು ಸಾಗಿಸುವ ಗಾಡಿ ಮತ್ತು ಹಮಾಲಿಗೆ 6,000 ಎಂದುಕೊಂಡರೂ, ಬ್ರೋಕರ್‌ಗೆ ಅರ್ಧ ತಿಂಗಳ ಬಾಡಿಗೆ 6,000 ಸೇರಿದರೆ 23,000 ರೂಪಾಯಿ ಆಗುತ್ತದೆ. ಅಂದರೆ ಈ ಒಂದು ಅವಧಿಯ ಮಟ್ಟಿಗೆ, ಕೇಳಿದ್ದನ್ನೆಲ್ಲ ಕೊಡುವುದೇ ಮನೆ ಬಿಡುವುದಕ್ಕಿಂತ ಅಗ್ಗ. ಇದು ಬಾಡಿಗೆದಾರರಿಗೆ ಹಿತವಾದ ಲೆಕ್ಕವಲ್ಲ, ಆದರೂ ಅದನ್ನು ತಿಳಿದೇ ಹೋಗಬೇಕು. ತಿಳಿಯದವರು "ಹಾಗಾದ್ರೆ ಖಾಲಿ ಮಾಡ್ತೀವಿ" ಎಂದು ಸಿಟ್ಟಿನಲ್ಲಿ ಹೇಳಿ, ಮಾಲೀಕರು "ಆಯ್ತು" ಎಂದಾಗ ದಿಕ್ಕು ತೋಚದೆ ಕೂರುತ್ತಾರೆ.

ಮಾಲೀಕರ ಲೆಕ್ಕವನ್ನೂ ಹೀಗೆಯೇ ಮಾಡಿ. 13,000 ಸಿಕ್ಕರೆ ಅವರಿಗೆ ಹನ್ನೊಂದು ತಿಂಗಳಲ್ಲಿ ಹೆಚ್ಚು ಬರುವುದೂ ಅದೇ 15,950. ಮನೆ ಏಪ್ರಿಲ್ 30ಕ್ಕೆ ಖಾಲಿಯಾದರೆ ಬಣ್ಣ ಹೊಡೆಸಿ ಹೊಸಬರನ್ನು ಹುಡುಕಲು ಅವರಿಗೆ ಸಿಗುವುದು ಮೇ 16ರವರೆಗೆ ಮಾತ್ರ, ಏಕೆಂದರೆ 2026ರಲ್ಲಿ ಮೇ 17ರಿಂದ ಜೂನ್ 15ರವರೆಗೆ ಅಧಿಕ ಜ್ಯೇಷ್ಠ ಮಾಸ. ಅಧಿಕ ಮಾಸದಲ್ಲಿ ಹಾಲುಕ್ಕಿಸಿ ಹೊಸ ಮನೆಗೆ ಬರಲು ನಮ್ಮ ಊರಿನ ಹೆಚ್ಚಿನ ಕುಟುಂಬಗಳು ಒಪ್ಪುವುದಿಲ್ಲ. ಆ ಎರಡು ವಾರದಲ್ಲಿ ಯಾರೂ ಬರದಿದ್ದರೆ ಮನೆ ಒಂದೂವರೆ ತಿಂಗಳು ಖಾಲಿ ಬೀಳುತ್ತದೆ, 11,550ರ ಲೆಕ್ಕದಲ್ಲೇ 17,325 ರೂಪಾಯಿ ಕೈತಪ್ಪುತ್ತದೆ. ಏರಿಕೆಯಿಂದ ಬರಬೇಕಾದದ್ದಕ್ಕಿಂತ ಅದು ಹೆಚ್ಚು. ಈ ಲೆಕ್ಕವನ್ನು ಬಾಯಿಬಿಟ್ಟು ಹೇಳಿದರೆ ಬೆದರಿಕೆಯಾಗುತ್ತದೆ. ಮಾಲೀಕರಿಗೆ ಪಂಚಾಂಗ ನಿಮಗಿಂತ ಚೆನ್ನಾಗಿ ಗೊತ್ತು, "ನಾವು ಮುಂದುವರಿಯುತ್ತೇವೆ" ಎಂಬ ಮಾತಿನ ಬೆಲೆಯನ್ನು ಅವರೇ ಲೆಕ್ಕ ಹಾಕಿಕೊಳ್ಳುತ್ತಾರೆ.

ಆರನೆಯದು: ಮಾತುಕತೆ

ಇಬ್ಬರು ಹೋಗಿ, ನಾಲ್ವರು ಬೇಡ. ಕರಾರಿನ ಪ್ರತಿ, ಬಾಡಿಗೆ ಪಾವತಿಯ ವಿವರ ಜೊತೆಗಿರಲಿ. ಮುಂದುವರಿಯುವ ಇಚ್ಛೆಯನ್ನು ಮೊದಲು ಹೇಳಿ, ಆಮೇಲೆ ದುರಸ್ತಿ, ಆಮೇಲೆ ಅವಧಿ ಮತ್ತು ಅಡ್ವಾನ್ಸ್, ಬಾಡಿಗೆ ಕೊನೆಗೆ. ಬಾಡಿಗೆಯಿಂದ ಆರಂಭಿಸಿದರೆ ಅದು ತೀರ್ಮಾನವಾದ ಮೇಲೆ ಮೋಟಾರಿನ ಮಾತನ್ನು ಯಾರೂ ಕೇಳಿಸಿಕೊಳ್ಳುವುದಿಲ್ಲ. ಬಾಡಿಗೆಯ ಮಾತು ಬಂದಾಗ ಶೇ. 5ರ ಸಾಲನ್ನು ಓದಿ ಹೇಳುವುದಕ್ಕಿಂತ ನಡೆದುಬಂದ ರೂಢಿಯನ್ನು ನೆನಪಿಸುವುದು ಮೇಲು: "ಹತ್ತು ಸಾವಿರಕ್ಕೆ ಬಂದ್ವಿ, ಹತ್ತೂವರೆ ಮಾಡಿದ್ರಿ, ಹನ್ನೊಂದು ಮಾಡಿದ್ರಿ, ಎರಡು ಸಲವೂ ಮಾತಿಲ್ಲದೆ ಕೊಟ್ಟಿದ್ದೀವಿ. ಈ ಸಲ ಒಟ್ಟಿಗೆ ಎರಡು ಸಾವಿರ ಅಂದ್ರೆ ನಮಗೆ ಹೊಂದಿಸೋದು ಕಷ್ಟ ಸಾರ್." ಎರಡನೇ ಸಲ ಲೆಕ್ಕದ ಪ್ರಕಾರ 11,025 ಆಗಬೇಕಿದ್ದದ್ದನ್ನು 11,000ಕ್ಕೆ ಬಿಟ್ಟವರು ಅವರೇ ಎಂಬುದನ್ನು ನೀವೇ ನೆನೆದು ಹೇಳಿದರೆ ಮಾತಿನ ಬಿಗಿ ಸಡಿಲುತ್ತದೆ.

ಆ ಭಾನುವಾರ ಮಾತು 12,000ಕ್ಕೆ ಬಂದು ನಿಂತಿತೆನ್ನಿ. ಶೇ. 9ರ ಏರಿಕೆ, ಕರಾರಿನ ಲೆಕ್ಕಕ್ಕಿಂತ ತಿಂಗಳಿಗೆ 450 ಹೆಚ್ಚು, ಹನ್ನೊಂದು ತಿಂಗಳಿಗೆ 4,950. ಅದಕ್ಕೆ ಬದಲಾಗಿ ಮೋಟಾರನ್ನು ಏಪ್ರಿಲ್ ಒಳಗೆ ಮಾಲೀಕರು ಸರಿಪಡಿಸುವುದು, ಅಡ್ವಾನ್ಸ್ 60,000ದಲ್ಲೇ ಇರುವುದು, ಮುಂದಿನ ನವೀಕರಣದಲ್ಲಿ ಶೇ. 5ಕ್ಕಿಂತ ಹೆಚ್ಚಿಸದಿರುವುದು. ನನ್ನ ದೃಷ್ಟಿಯಲ್ಲಿ ಇದು ಒಪ್ಪಬಹುದಾದ ಮಾತು. ಇಲ್ಲಿ ಮಗ "ಎರಡು ವರ್ಷಕ್ಕೇ ಒಟ್ಟಿಗೆ ಬರ್ಕೊಂಡ್ಬಿಡೋಣ" ಎಂದರೆ ಒಂದು ಕ್ಷಣ ಯೋಚಿಸಿ. ಒಂದು ವರ್ಷವನ್ನು ಮೀರಿದ ಅವಧಿಯ ಕರಾರನ್ನು ಉಪನೋಂದಣಿ ಕಚೇರಿಯಲ್ಲಿ ನೋಂದಾಯಿಸಲೇಬೇಕು. ನೋಂದಾಯಿಸದೆ ಇ-ಸ್ಟಾಂಪ್ ಕಾಗದದ ಮೇಲೆ ಎರಡು ವರ್ಷ ಎಂದು ಬರೆದುಕೊಂಡರೆ ಆ ಅವಧಿಯನ್ನು ನ್ಯಾಯಾಲಯದಲ್ಲಿ ಸಾಧಿಸಿಕೊಳ್ಳಲು ಬರುವುದಿಲ್ಲ. ನೋಂದಣಿಗೆ ಇಬ್ಬರೂ ಸಿದ್ಧರಿದ್ದರೆ ಎರಡು ವರ್ಷ ಒಳ್ಳೆಯದೇ, ಇಲ್ಲದಿದ್ದರೆ ಹನ್ನೊಂದು ತಿಂಗಳೇ ಇರಲಿ.

ಮಾತು ಹೊಂದದಿದ್ದರೆ ಅಲ್ಲಿಯೇ ಹಟಕ್ಕೆ ಬೀಳಬೇಡಿ. "ಇಪ್ಪತ್ತೆಂಟನೇ ತಾರೀಖಿನೊಳಗೆ ಹೇಳ್ತೀವಿ" ಎಂದು ಎದ್ದು ಬನ್ನಿ. ಮಾರ್ಚ್ 31 ಇನ್ನೂ ಮುಂದಿದೆ, ಬಿಡುವುದಾದರೂ ಕ್ರಮವಾಗಿ ತಿಳಿಸಿ ಬಿಡಬಹುದು.

ಕೊನೆಯದು: ಅದೇ ರಾತ್ರಿಯ ಸಂದೇಶ ಮತ್ತು ಹೊಸ ಕರಾರು

ಒಪ್ಪಿದ ಮಾತನ್ನು ಅಂದೇ ಬರೆದು ಮಾಲೀಕರಿಗೂ ಮಗನಿಗೂ ಕಳುಹಿಸಿ: "ಇಂದು ಮಾತನಾಡಿದಂತೆ 01-05-2026ರಿಂದ ಬಾಡಿಗೆ 12,000 ರೂಪಾಯಿ, ಅವಧಿ ಹನ್ನೊಂದು ತಿಂಗಳು, ಅಡ್ವಾನ್ಸ್ ಮೊದಲಿನ 60,000ವೇ ಮುಂದುವರಿಯುವುದು, ಮೋಟಾರು ದುರಸ್ತಿ ಏಪ್ರಿಲ್ 30ರೊಳಗೆ, ಮುಂದಿನ ಏರಿಕೆ ಶೇ. 5. ಸರಿ ಇದೆಯೇ ತಿಳಿಸಿ." ಅವರು "ಸರಿ" ಎಂದು ಎರಡಕ್ಷರ ಕಳುಹಿಸಿದರೆ ಸಾಕು.

ಹೊಸ ಕರಾರಿಗೆ ಏಪ್ರಿಲ್ ಒಳಗೇ ಇಬ್ಬರೂ ಇಬ್ಬರು ಸಾಕ್ಷಿಗಳ ಮುಂದೆ ಸಹಿ ಮಾಡಿ, 12,000 ರೂಪಾಯಿಯ ಮೊದಲ ಪಾವತಿ ಸಹಿಯಾದ ಮೇಲೆ ಹೋಗಲಿ. ಸಹಿ ಹಾಕುವ ಮುನ್ನ ಅಡ್ವಾನ್ಸ್ ಸಾಲನ್ನು ಬೆರಳಿಟ್ಟು ಓದಿ. ಟೈಪಿಂಗ್ ಅಂಗಡಿಯಲ್ಲಿ ಹಳೆಯ ಕರಾರನ್ನೇ ತೆರೆದು ದಿನಾಂಕ ಮತ್ತು ಬಾಡಿಗೆ ಮಾತ್ರ ಬದಲಿಸುವುದು ರೂಢಿ. ಅದರಲ್ಲಿ "ಈ ದಿನ ಕೊಟ್ಟಿರುವ ಅಡ್ವಾನ್ಸ್ 60,000" ಎಂಬ ಹಳೆಯ ವಾಕ್ಯ ಹಾಗೆಯೇ ಉಳಿದಿರುತ್ತದೆ, ಕೆಲವೊಮ್ಮೆ ಅಡ್ವಾನ್ಸ್ ಸಾಲೇ ಬಿಟ್ಟುಹೋಗಿರುತ್ತದೆ. ಎರಡೂ ಸುಳ್ಳು ದಾಖಲೆಯೇ. ಮನೆ ಬಿಡುವ ದಿನ ಹಿರಿಯರು ಇಲ್ಲದೆ ಮಗನೊಬ್ಬನೇ ಎದುರಿಗಿದ್ದು, ಹೊಸ ಕರಾರಿನಲ್ಲಿ ಅಡ್ವಾನ್ಸ್ ಕಾಣದಿದ್ದರೆ, 2023ರಲ್ಲಿ ಹಣ ಕೊಟ್ಟದ್ದನ್ನು ರುಜುವಾತು ಮಾಡುವ ಹೊಣೆ ನಿಮ್ಮ ಮೇಲೆ ಬೀಳುತ್ತದೆ. ಅದರ ಬದಲು ಹೀಗೆ ಬರೆಸಿ: "ಎರಡನೇ ಪಕ್ಷದವರು 01-08-2023ರ ಮೊದಲನೇ ಕರಾರಿನ ಕಾಲದಲ್ಲಿ ಮೊದಲನೇ ಪಕ್ಷದವರಿಗೆ ಬ್ಯಾಂಕ್ ಮೂಲಕ ಸಲ್ಲಿಸಿರುವ ಅಡ್ವಾನ್ಸ್ ಹಣ 60,000 (ಅರವತ್ತು ಸಾವಿರ) ರೂಪಾಯಿಗಳು ಮೊದಲನೇ ಪಕ್ಷದವರ ಬಳಿ ಇದ್ದು, ಅದೇ ಹಣವನ್ನು ಈ ಕರಾರಿಗೂ ಮುಂದುವರಿಸಲಾಗಿದೆ." ಈ ವಾಕ್ಯ ಸೇರಿದ ಮೇಲೆ ಪ್ರತಿ ಪುಟಕ್ಕೂ ಇಬ್ಬರ ಸಹಿ ಹಾಕಿಸಿ, ಮೂಲ ಪ್ರತಿ ಮಾಲೀಕರ ಬಳಿ ಇದ್ದರೂ ಒಂದು ಪೂರ್ತಿ ಪ್ರತಿಯನ್ನು ಅಂಗಡಿಯಿಂದ ಹೊರಡುವ ಮುನ್ನವೇ ಕೈಯಲ್ಲಿ ಹಿಡಿದು ಮನೆಗೆ ಬನ್ನಿ.